ಗಂಟೆಯ ಅಕ್ಕ ಕುದಿಸುತ್ತಿದ್ದ ಸಿಹಿ ಬೇರು

ತರಕಾರಿ ಮಂಡಿಯಲ್ಲಿ ಅವಳ ತಮ್ಮನನ್ನು ಎಲ್ಲರೂ ‘ಗಂಟೆ’ ಎಂದೇ ಕರೆಯುತ್ತಿದ್ದರು. ಬೆಳಗಿನ ಹರಾಜು ಕೂಗುವವನು ಅವನು. ಟೊಮೆಟೊ ಕ್ರೇಟಿನ ಮೇಲೆ ನಿಂತು ದನಿ ತೆಗೆದನೆಂದರೆ ಹೊರಗೆ ಲಾರಿ ತೊಳೆಯುತ್ತಿದ್ದವನಿಗೂ ಆ ದಿನದ ಬೆಲೆ ಗೊತ್ತಾಗುತ್ತಿತ್ತು. ಆ ಗಂಟಲನ್ನು ಕಾಯುತ್ತಿದ್ದವಳು ಅಕ್ಕ.

ಗಂಡ ತೀರಿಕೊಂಡ ಮೇಲೆ ಅವಳು ತಮ್ಮನ ಮನೆ ಸೇರಿದ್ದಳು. ಒಲೆ ತಮ್ಮನ ಹೆಂಡತಿಯದು, ಬೀರುವಿನ ಬೀಗದ ಕೈ ತಮ್ಮನ ಹೆಂಡತಿಯದು. ಒಗೆದ ಬಟ್ಟೆಯನ್ನು ಅಕ್ಕ ಮಡಚಿದರೂ ಆಕೆ ಬಂದು ಬಿಚ್ಚಿ ಮತ್ತೆ ಮಡಚುತ್ತಿದ್ದಳು. ಅಕ್ಕನ ಪಾಲಿಗೆ ಉಳಿದದ್ದು ಒಂದೇ ಕೆಲಸ: ಜ್ಯೇಷ್ಠಮಧುವಿನ ಬೇರು ಜಜ್ಜಿ, ಕುದಿಸಿ, ಸೋಸಿ ತಮ್ಮನಿಗೆ ಕೊಡುವುದು. ಬೇರು ನೋಡಲು ಒಣ ಕಡ್ಡಿ, ಬಾಯಿಗಿಟ್ಟರೆ ಸಕ್ಕರೆಗಿಂತ ಸಿಹಿ. ಕುಡಿದು ತಮ್ಮ ಕೆಮ್ಮಿ ನೋಡಿ, “ಅಕ್ಕಾ, ಗಂಟೆ ಹೊಡೀತು ನೋಡು” ಎನ್ನುತ್ತಿದ್ದ. ಅಷ್ಟು ಸಾಕಿತ್ತು ಅವಳಿಗೆ. ಆ ಮನೆಯಲ್ಲಿ ತಾನು ಸುಮ್ಮನೆ ಉಣ್ಣುತ್ತಿಲ್ಲ ಎಂದು ಅವಳು ತನಗೆ ತಾನೇ ಹೇಳಿಕೊಳ್ಳಲು ಇದ್ದದ್ದು ಆ ಒಂದು ಮಾತು.

ತಮ್ಮನಿಗೆ ಬಿಪಿ ಇದೆಯೆಂದು ತಿಳಿದಾಗ ಡಾಕ್ಟರಮ್ಮ ಎರಡು ಮಾತ್ರೆ ಬರೆದರು. ಅದರಲ್ಲೊಂದು ಮೈಯ ಹೆಚ್ಚಿನ ಉಪ್ಪು, ನೀರು ಮೂತ್ರದಲ್ಲಿ ಹೋಗುವಂತೆ ಮಾಡುವ ಮಾತ್ರೆ. ಮನೆಯಲ್ಲಿ ಅದಕ್ಕೆ ‘ನೀರಿನ ಮಾತ್ರೆ’ ಎಂದೇ ಹೆಸರಾಯಿತು. ಉಪ್ಪು ಕಡಿಮೆ ಮಾಡಿ ಎಂದರು. ಬೇರೆ ಏನಾದರೂ ಔಷಧಿ ತಗೋತಾರಾ ಎಂದೂ ಕೇಳಿದರು. ತಮ್ಮ ತಲೆ ಅಲ್ಲಾಡಿಸಿದ. ಪಕ್ಕದಲ್ಲಿದ್ದ ಅಕ್ಕ, “ಏನೂ ಇಲ್ಲಮ್ಮ, ಮನೇಲಿ ಚಹಾ ಅಷ್ಟೇ” ಎಂದಳು. ಅವಳು ಸುಳ್ಳು ಹೇಳಿರಲಿಲ್ಲ. ಅವಳ ಲೆಕ್ಕದಲ್ಲಿ ಔಷಧಿಯೆಂದರೆ ಕಹಿ.

ಅಂದಿನಿಂದ ಸಾರಿಗೆ ಉಪ್ಪು ಬೀಳುವುದನ್ನು ಅಕ್ಕ ಹದ್ದಿನ ಕಣ್ಣಿಟ್ಟು ಕಾದಳು. “ಅತ್ತಿಗೆ, ನನ್ನ ಕೈ ಏನು ಕಳ್ಳನ ಕೈಯಾ?” ಎಂದು ತಮ್ಮನ ಹೆಂಡತಿ ಸಿಡುಕಿದರೂ ಬಿಡಲಿಲ್ಲ. ಆದರೂ ಬಿಪಿ ಇಳಿಯಲಿಲ್ಲ, ಏರಿತು. ಡಾಕ್ಟರಮ್ಮ ನೀರಿನ ಮಾತ್ರೆಯನ್ನು ಹೆಚ್ಚಿಸಿದರು. ತಮ್ಮ ಬಾಡತೊಡಗಿದ. ಮೆಟ್ಟಿಲು ಹತ್ತುವಾಗ ತೊಡೆ ಹಿಡಿದುಕೊಳ್ಳುತ್ತಿತ್ತು, ಮಲಗಿದರೆ ಮೀನಖಂಡ ಸೆಳೆಯುತ್ತಿತ್ತು. ದನಿಯೂ ಬಿದ್ದಿತು. ಸುಸ್ತಾದವನಿಗೆ ಸಿಹಿ ಒಳ್ಳೆಯದೆಂದು ಅಕ್ಕ ಬೇರನ್ನು ಇನ್ನಷ್ಟು ಹಾಕಿ, ನೀರು ಅರ್ಧಕ್ಕೆ ಬತ್ತುವವರೆಗೆ ಕುದಿಸಿದಳು. ಅವನೂ ಲೋಟದ ಮೇಲೆ ಲೋಟ ಕೇಳಿದ, ಮಂಡಿಗೂ ಫ್ಲಾಸ್ಕಿನಲ್ಲಿ ಒಯ್ದ.

ಒಂದು ಬೆಳಿಗ್ಗೆ ಹರಾಜಿನ ನಡುವೆ ಗಂಟೆ ನಿಂತಿತು. ಎಲೆಕೋಸಿನ ರಾಶಿಗೆ ಬೆಲೆ ಕೂಗುತ್ತಿದ್ದವನು ಕ್ರೇಟಿನಿಂದ ಇಳಿಯಲು ಕಾಲೆತ್ತಿದ, ಕಾಲು ಬರಲಿಲ್ಲ. ಹಮಾಲರು ಮೂಟೆ ಎತ್ತುವಂತೆ ಅವನನ್ನು ಎತ್ತಿ ಆಸ್ಪತ್ರೆಗೆ ತಂದರು.

ಎದೆಗೆ ತಂತಿ ಅಂಟಿಸಿ, ರಕ್ತ ತೆಗೆದು, ಡಾಕ್ಟರಮ್ಮ ಹೊರಗೆ ಬಂದರು. “ರಕ್ತದಲ್ಲಿ ಪೊಟ್ಯಾಸಿಯಂ ಪಾತಾಳಕ್ಕಿಳಿದಿದೆ. ಮೂರೂವರೆಗಿಂತ ಮೇಲಿರಬೇಕು, ಇವರದು ಎರಡು ಚಿಲ್ಲರೆ. ಹೃದಯದ ಬಡಿತ ತಪ್ತಾ ಇದೆ. ನೀರಿನ ಮಾತ್ರೆ ಒಂದರಿಂದಲೇ ಇಷ್ಟು ಆಗಲ್ಲ. ಬಿಪಿ ಬೇರೆ ಏರಿದೆ. ಇನ್ನೇನು ಕುಡೀತಾರೆ ಹೇಳಿ.”

ಅಕ್ಕ ಹೇಳಿದಳು. ಎಷ್ಟು ಬೇರು, ಎಷ್ಟು ಲೋಟ, ಎಷ್ಟು ಕುದಿ, ಎಲ್ಲವನ್ನೂ.

ಡಾಕ್ಟರಮ್ಮ ಹಣೆ ಒತ್ತಿಕೊಂಡರು. “ಆ ಸಿಹಿ ಇದೆಯಲ್ಲ, ಅದು ಮೂತ್ರಪಿಂಡಕ್ಕೆ ಉಪ್ಪು-ನೀರು ಹಿಡಿದಿಟ್ಟುಕೋ, ಪೊಟ್ಯಾಸಿಯಂ ಹೊರಗೆ ಹಾಕು ಅಂತ ಹೇಳುತ್ತೆ. ಉಪ್ಪು-ನೀರು ನಿಂತು ಬಿಪಿ ಏರ್ತು. ಬಿಪಿ ಏರ್ತು ಅಂತ ನಾನು ನೀರಿನ ಮಾತ್ರೆ ಹೆಚ್ಚಿಸಿದೆ. ಅದೂ ಪೊಟ್ಯಾಸಿಯಂ ಹೊರಗೆ ಹಾಕೋದೇ. ಎರಡೂ ಸೇರಿ ಬರಿದು ಮಾಡಿದವು.”

“ಇಷ್ಟು ಕುಡೀಬಹುದು ಅಂತ ಒಂದು ಮಿತಿ ಇಲ್ವಾ ಡಾಕ್ಟರೇ?” ಎಂದಳು ತಮ್ಮನ ಹೆಂಡತಿ.

“ಆರೋಗ್ಯವಾಗಿರೋರು ಯಾವಾಗಲಾದರೊಮ್ಮೆ ತೆಳ್ಳಗೆ ಒಂದು ಲೋಟ ಕುಡಿದ್ರೆ ಸಾಮಾನ್ಯವಾಗಿ ಏನಾಗಲ್ಲ. ಆ ಸಿಹಿ ಸತ್ವ ದಿನಕ್ಕೆ ನೂರು ಮಿಲಿಗ್ರಾಂ ದಾಟಬಾರದು ಅಂತಾರೆ. ಗಟ್ಟಿಯಾಗಿ ಕುದಿಸಿದ್ರೆ ಒಂದೆರಡು ಲೋಟದಲ್ಲೇ ದಾಟಬಹುದು. ವಾರಗಟ್ಟಲೆ ದಿನಾ ಕುಡಿಯೋದು ಅವರಿಗೂ ಬೇಡ. ಬಿಪಿ ಇರೋರಿಗೆ, ಅದರಲ್ಲೂ ನೀರಿನ ಮಾತ್ರೆ ತಗೊಳ್ಳೋರಿಗೆ ಮಿತಿ ಅನ್ನೋ ಮಾತೇ ಇಲ್ಲ, ಕುಡೀಲೇಬಾರದು.”

ತಮ್ಮನ ಹೆಂಡತಿ ಅಕ್ಕನ ಕಡೆ ತಿರುಗಲಿಲ್ಲ. ಗೋಡೆಗೆ ಹೇಳಿದಳು. “ಸಾರಿನ ಉಪ್ಪಿಗೆ ನನ್ನ ಕೈ ಕಾಯ್ತಾ ಇದ್ರು. ಇವರ ಕೈ ಕಾಯೋರು ಯಾರಿದ್ರು?”

ಒಳಗೆ ತೋಳಿಗೆ ಹನಿ ಹನಿಯಾಗಿ ಪೊಟ್ಯಾಸಿಯಂ ಇಳಿಯುತ್ತಿತ್ತು. ಬೇಗ ಬಿಟ್ಟರೆ ಹೃದಯವೇ ನಿಲ್ಲಬಹುದಂತೆ. ನರ್ಸು ಪದೇ ಪದೇ ಬಂದು ನೋಡುತ್ತಿದ್ದಳು. ಮಂಡಿಯವರು ಬಂದು ಏನಾಯ್ತೋ ಗಂಟೆ ಎಂದರೆ ತಮ್ಮ ಕಣ್ಣು ಮುಚ್ಚಿಕೊಂಡೇ, “ಅಕ್ಕ ಕೊಟ್ಳು, ಕುಡಿದೆ” ಎನ್ನುತ್ತಿದ್ದ. ಬಂದವರು ಬಾಗಿಲ ಬಳಿ ನಿಂತಿದ್ದವಳನ್ನು ನೋಡಿ ಬೇರೆ ಮಾತು ತೆಗೆಯುತ್ತಿದ್ದರು.

ಮನೆಗೆ ಕಳಿಸುವ ದಿನ ಡಾಕ್ಟರಮ್ಮ ನೀರಿನ ಮಾತ್ರೆಯ ಬದಲು ಬೇರೆ ಮಾತ್ರೆ ಬರೆದರು. ಬೇರು ಬಿಟ್ಟ ಕೂಡಲೇ ಅದರ ಪ್ರಭಾವ ಹೋಗದು, ಕೆಲವು ವಾರ ಎಳೆಯಬಹುದು. ರಕ್ತ ಮತ್ತೆ ಮತ್ತೆ ನೋಡಬೇಕು, ಪೊಟ್ಯಾಸಿಯಂ ಸಿರಪ್ಪನ್ನು ಊಟವಾದ ಮೇಲೆ ನೀರು ಬೆರೆಸಿ ಹೇಳಿದಷ್ಟೇ ಕುಡಿಯಬೇಕು ಎಂದರು. ಸಿರಪ್ ತರಲು ಅಕ್ಕನೇ ಮಂಡಿಯ ಎದುರಿನ ಔಷಧಿ ಅಂಗಡಿಗೆ ಹೋದಳು.

ಅಂಗಡಿಯವನು ಚೀಟಿ ನೋಡಿ ನಾಲಿಗೆ ಕಚ್ಚಿಕೊಂಡ. “ಗಂಟೆಗಾ ಇದು? ನಾನು ಆವಾಗಲೇ ಹೇಳಿದ್ದೆ ಅಕ್ಕಾ. ಇಲ್ಲೇ ನಿಂತು ಫ್ಲಾಸ್ಕಿಂದ ಕುಡೀತಿದ್ದ. ವಾಸನೆಗೆ ಗೊತ್ತಾಯ್ತು. ಈ ಮಾತ್ರೆ ಜೊತೆ ಆ ಬೇರು ಬೇಡ ಮಾರಾಯ, ಡಾಕ್ಟರ್ ಹತ್ರ ಹೇಳು ಅಂದೆ. ನಕ್ಕು ಹೋದ. ಮನೇಲಿ ಹೇಳಲಿಲ್ವಾ?”

ಅಕ್ಕ ಚಿಲ್ಲರೆ ಎಣಿಸದೆ ಸೆರಗಿಗೆ ಕಟ್ಟಿಕೊಂಡಳು.

ಮನೆಯಲ್ಲಿ ತಮ್ಮನ ಹೆಂಡತಿ ಒಲೆಯ ಮುಂದಿದ್ದಳು. ಅಕ್ಕ ತಮ್ಮನ ಮಂಚದ ಬಳಿ ಕೂತು ಮೆಲ್ಲಗೆ ಕೇಳಿದಳು. “ಔಷಧಿ ಅಂಗಡಿಯವನು ನಿಂಗೆ ಮೊದಲೇ ಹೇಳಿದ್ನಂತೆ?”

ತಮ್ಮ ಚಾವಣಿ ನೋಡಿದ. “ಹೇಳಿದ್ರೆ ನೀನು ನಿಲ್ಲಿಸಿಬಿಡ್ತಿದ್ದೆ. ದನಿ ಹೋದ ಹರಾಜಿನವನನ್ನ ಯಾರು ಇಟ್ಕೋತಾರೆ?”

“ಅವಳಿಗೆ ಹೇಳೋ. ನಂಗೆ ಗೊತ್ತಿರಲಿಲ್ಲ ಅಂತ ಒಂದು ಮಾತು ಹೇಳಿಬಿಡೋ.”

“ಹೇಳಿದ್ರೆ ನನ್ನ ಸುಮ್ಮನೆ ಬಿಡ್ತಾಳಾ? ನಿಂಗೇನಕ್ಕ, ಎರಡು ದಿನ ಗೊಣಗಿ ಸುಮ್ಮನಾಗ್ತಾಳೆ.” ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದ. ತಗ್ಗಿಸಲು ಹೆಚ್ಚೇನೂ ಉಳಿದಿರಲಿಲ್ಲ. “ಮಂಡಿಯಲ್ಲಿ ಇನ್ನೊಬ್ಬ ಆಗಲೇ ಕೂಗ್ತಿದ್ದಾನಂತೆ. ಅಕ್ಕಾ, ಒಂದು ಅರ್ಧ ಲೋಟ. ತೆಳ್ಳಗೆ. ಅವಳು ಹೊರಗೆ ಹೋದಾಗ.”

ತಾನು ಕೇಳಿದ್ದು ನಿಜವೇ ಎಂದು ಅಕ್ಕ ಅವನ ಮುಖ ನೋಡಿದಳು.

“ಮಾಡಲ್ಲ.”

“ಅರ್ಧ ಲೋಟಕ್ಕೆ ಯಾರೂ ಸಾಯಲ್ಲ.”

“ಮಾಡಲ್ಲ ಅಂದೆನಲ್ಲ.”

ತಮ್ಮ ಗೋಡೆಯ ಕಡೆ ಹೊರಳಿದ. “ಮತ್ತೆ ಈ ಮನೇಲಿ ಇದ್ದು ಏನು ಮಾಡ್ತೀಯ ನೀನು?” ಎಂದ. ಸಿಟ್ಟಿನಿಂದಲ್ಲ; ನಿಜಕ್ಕೂ ಉತ್ತರ ಬೇಕಾದವನಂತೆ.

ಅವಳು ಎದ್ದು ಅಡುಗೆಮನೆಗೆ ಹೋದಳು. ತಮ್ಮನ ಹೆಂಡತಿ ಅವಳ ಕೈಯಿಂದ ಸಿರಪ್ ಕಸಿದು, ಮುಚ್ಚಳ ತೆಗೆದು ಮೂಸಿ ನೋಡಿ, ಅಂಗಡಿಯ ಸೀಲು ಸರಿಯಿತ್ತಾ ಎಂದು ಕೇಳಿದಳು. ಸರಿಯಿತ್ತು ಎಂದಳು ಅಕ್ಕ. “ಇನ್ಮೇಲೆ ಇವರಿಗೆ ಕೊಡೋದೆಲ್ಲ ನಾನೇ ಕೊಡ್ತೀನಿ” ಎಂದು ಆಕೆ ಬಾಟಲಿಯನ್ನು ಬೀರುವಿನೊಳಗಿಟ್ಟು ಬೀಗ ಹಾಕಿದಳು.

ಔಷಧಿ ಅಂಗಡಿಯವನ ಮಾತು ಅಕ್ಕನ ತುಟಿಯವರೆಗೆ ಬಂತು. ಹೇಳಿದರೆ ತಮ್ಮನ ಮನೆಯಲ್ಲಿ ತಮ್ಮನೇ ಕಳ್ಳನಾಗುತ್ತಾನೆ. ಹೇಳದಿದ್ದರೆ ಅವನು ನಾಳೆ ಇನ್ಯಾರ ಕೈಯಲ್ಲಾದರೂ ಬೇರು ತರಿಸಿಕೊಳ್ಳುತ್ತಾನೆ.

“ಬೀರುವಿನ ಬೀಗ ಸಾಕಾಗಲ್ಲಮ್ಮ” ಎಂದಳು ಅಕ್ಕ. “ಅವನ ಮೇಲೂ ಒಂದು ಕಣ್ಣಿಡು. ಈಗ ತಾನೇ ನನ್ನ ಹತ್ರ ಅರ್ಧ ಲೋಟ ಕೇಳಿದ.”

ತಮ್ಮನ ಹೆಂಡತಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಈಗ ಅವರ ಮೇಲೆ ಹಾಕ್ತೀರಾ ಅತ್ತಿಗೆ?”

ಒಳಗೆ ತಮ್ಮ ಹೊದಿಕೆಯನ್ನು ತಲೆಯವರೆಗೆ ಎಳೆದುಕೊಂಡ. ಅವನಿಗೆ ಎಲ್ಲ ಕೇಳಿಸುತ್ತಿತ್ತು.