ಸಹಿಗೆ ಮೊದಲು ಹೊಡೆದ ಸಾಲು

ಅವಳು ಕಳಿಸಿದ ಪತ್ರದಲ್ಲಿ ನನ್ನ ಸಹಿಯ ಜಾಗವೊಂದೇ ಖಾಲಿಯಿತ್ತು, ಉಳಿದದ್ದೆಲ್ಲ ಸಿದ್ಧವಿತ್ತು. ಪ್ರಾಮಾಣಿಕರು, ಶ್ರಮಜೀವಿಗಳು, ಸಮಯಪಾಲಕರು. ನಮ್ಮ ಕಡೆ ಶಿಫಾರಸು ಪತ್ರವನ್ನು ಬೇಕಾದವರೇ ಬರೆದುಕೊಂಡು ಬರುತ್ತಾರೆ, ಸಾಹೇಬರು ಓದದೆ ಸಹಿ ಹಾಕುತ್ತಾರೆ. ನಾನೂ ಎಷ್ಟು ಹಾಕಿದ್ದೇನೋ ಲೆಕ್ಕವಿಲ್ಲ.

ನಾನು ಸಕ್ಕರೆ ಕಾರ್ಖಾನೆಯೊಂದರ ಕಬ್ಬು ವಿಭಾಗದ ಮೂಡಲಗಿ ಕಚೇರಿಯನ್ನು ನೋಡಿಕೊಳ್ಳುತ್ತಿದ್ದಾಗ ಅವಳು ನಾಲ್ಕು ವರ್ಷ ನನ್ನ ಕೈಕೆಳಗೆ ಫೀಲ್ಡ್ ಸಹಾಯಕಿಯಾಗಿದ್ದಳು. ಆಮೇಲೆ ನಾನು ಕೆಲಸ ಬಿಟ್ಟು ಗೋಕಾಕಿನಲ್ಲಿ ಒಂದು ಕೋಣೆ ಹಿಡಿದೆ. ಈ ಕಬ್ಬಿನ ಹಂಗಾಮಿಗೆ ಕಾರ್ಖಾನೆಯವರು ಅವಳ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಅರಭಾವಿಯ ಒಂದು ಕಚೇರಿಗೆ ಒಂದು, ಹುಕ್ಕೇರಿಯ ಒಂದು ಕಾರ್ಖಾನೆಗೆ ಇನ್ನೊಂದು ಅರ್ಜಿ ಹಾಕಿದ್ದಳು. ಎರಡೂ ಕಡೆ ಹಿಂದಿನ ಮೇಲಧಿಕಾರಿಯ ಪತ್ರ ಕೇಳಿದ್ದರು.

ಸಹಿ ಹಾಕಲು ಮನಸ್ಸಾಗಲಿಲ್ಲ. ನಾನೇ ಬರೆಯುತ್ತೇನೆ ಎಂದೆ. ಬಹಳ ದಿನಗಳ ಮೇಲೆ ಯಾರೋ ನನ್ನಿಂದ ಏನನ್ನೋ ಕೇಳಿದ್ದರು, ಅದೂ ಇತ್ತು.

ಎರಡು ದಿನ ಕೂತು ಒಂದು ಪುಟ ಬರೆದೆ. ಅದರ ನಡುವೆ ಒಂದು ಘಟನೆ ಇಟ್ಟೆ. ಮೂಡಲಗಿ ಹತ್ತಿರದ ಇಬ್ಬರು ರೈತರ ಹೊಲಗಳು ಕಾರ್ಖಾನೆಯ ನೋಂದಣಿಯಲ್ಲಿ ಅದಲುಬದಲಾಗಿದ್ದವು. ಕೂಳೆ ಕಬ್ಬು, ಅಂದರೆ ಕಡಿದ ಬುಡದಿಂದ ಮತ್ತೆ ಚಿಗುರಿದ್ದು, ಹೊಸ ನಾಟಿ ಎಂದು ದಾಖಲಾಗಿತ್ತು. ಪಕ್ಕದ ಹೊಸ ನಾಟಿ ಕೂಳೆಯಾಗಿತ್ತು. ಎರಡಕ್ಕೂ ಕಟಾವಿನ ಪಾಳಿ ಬೇರೆ. ಇಬ್ಬರೂ ನನ್ನ ಟೇಬಲ್ಲಿನ ಮುಂದೆ ದಿನಾ ಕೂಗಾಡುತ್ತಿದ್ದರು. "ನಾನು ಅವಳೊಂದಿಗೆ ಆ ಹೊಲಕ್ಕೆ ಹೋಗಿದ್ದೆ. ಅವಳು ಬುಡದ ಮಣ್ಣು ಸರಿಸಿ ಹಳೆಯ ಕೂಳೆಯನ್ನು ಇಬ್ಬರಿಗೂ ತೋರಿಸಿ ಜಗಳ ಮುಗಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ" ಎಂದು ಬರೆದೆ. ಬೂಟಿಗೆ ಮೆತ್ತಿದ ಕರಿಮಣ್ಣು, ಮೊಣಕಾಲೂರಿ ಕೂತ ಅವಳು, ಎಲ್ಲ ನಿಚ್ಚಳ.

ಗೋಕಾಕ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ ಅವಳು ಓದಿದಳು. ಮೊದಲು ಕೇಳಿದ್ದು ಕಚೇರಿಯ ಮೊಹರನ್ನು.

"ಶಿಕ್ಕಾ ಎಲ್ಲೈತ್ರಿ ಸರ?"

"ಕಾರ್ಖಾನಿ ಬಿಟ್ಟವಗ ಅದರ ಶಿಕ್ಕಾ ಎಲ್ಲಿಂದ ಬರಬೇಕವಾ? ಎಷ್ಟು ವರ್ಷ ನಿನ್ನ ಮ್ಯಾಲಿನ ಅಧಿಕಾರಿ ಇದ್ದೆ ಅಂತ ಬರದೇನಿ, ನನ್ನ ನಂಬರ್ ಹಾಕೇನಿ. ಅವರ ಕೇಳ್ತಾರ."

ಅವಳು ಮತ್ತೆ ಓದಿದಳು. ನಕ್ಕಳು.

"ಸರ, ಆವತ್ತ ನೀವು ಬಂದಿದ್ದಿಲ್ಲಲ್ರಿ."

"ಬಂದಿದ್ದೆ. ಬೂಟು ಮಣ್ಣಾಗಿತ್ತು."

"ಅದು ಇನ್ನೊಮ್ಮಿರಿ. ಜೀಪಿನ್ಯಾಗ ಬಂದು, ಬಾಗಲಾ ತೆಗದು ಒಂದ ಕಾಲು ಇಟ್ರಿ. ಕೆಸರು ನೋಡಿ ಮತ್ತ ಒಳಗ ಕೂತ್ರಿ." ಮತ್ತೆ ನಕ್ಕಳು. "ಜಗಳದ ದಿನ ನೀವು ಬೆಳಗಾವಿ ಮೀಟಿಂಗಿಗೆ ಹೋಗಿದ್ರಿ. ನಾನು ಫೋನ್ ಮಾಡಿ ಹೇಳಿದ್ದೆ. 'ನೀನ ನೋಡ್ಕೋ' ಅಂದಿದ್ರಿ."

ವಾದಿಸಲು ಬಾಯಿ ತೆರೆದೆ. ಒಂದೇ ಕಾಲು ಇಟ್ಟಿದ್ದರೆ ನನಗೆ ನೆನಪಿರುವುದು ಎರಡು ಬೂಟಿನ ಮಣ್ಣು ಹೇಗೆ? ಅವಳು ಫೋನಿನಲ್ಲಿ ಹೇಳಿದ್ದನ್ನೇ ನಾನು ಇಷ್ಟು ವರ್ಷ ಕಂಡದ್ದೆಂದು ಇಟ್ಟುಕೊಂಡಿದ್ದೆನೋ ಏನೋ.

ಪೆನ್ನು ತೆಗೆದೆ.

"ಹೊಡೀಬ್ಯಾಡ್ರಿ ಸರ. ಇರ್ಲಿ. ನೀವು ನೋಡೇನಿ ಅಂದ್ರ ಕೆಲಸ ಸಿಗತೈತಿ. ಯಾರಿಗೆ ಗೊತ್ತಾಗತೈತಿ?"

"ಅವರು ಫೋನ್ ಮಾಡಿ ಕೇಳಿದ್ರ?"

"ನಿಮಗ ನೆನಪೈತಿ ಅಲ್ರಿ, ಹೇಳ್ರಿ," ಎಂದಳು. ಅಣಕಿಸುವಂತಿರಲಿಲ್ಲ. ಅವಳಿಗೆ ಆ ಕೆಲಸ ಬೇಕಿತ್ತು.

ಆದರೂ ಸಾಲನ್ನು ಹೊಡೆದೆ. ಅಂಚಿನಲ್ಲಿ ಬರೆದೆ: "ಆ ದಿನ ನಾನು ಸ್ಥಳದಲ್ಲಿರಲಿಲ್ಲ. ಅವಳೊಬ್ಬಳೇ ಹೋಗಿದ್ದಳು. ಅವಳ ವರದಿಯ ಮೇಲೆ ನೋಂದಣಿ ತಿದ್ದಿಸಿದೆ. ಆ ಇಬ್ಬರು ರೈತರು ಮತ್ತೆ ತಕರಾರು ತರಲಿಲ್ಲ." ಹೊಸದಾಗಿ ಪ್ರಿಂಟ್ ತೆಗೆಸಿ ಸಹಿ ಹಾಕಿಕೊಟ್ಟೆ. ಅವಳು ಮುಖ ಸಣ್ಣದು ಮಾಡಿಕೊಂಡೇ ಬಸ್ ಹತ್ತಿದಳು.

ಅರಭಾವಿಯವರು ಏನೂ ಕೇಳಲಿಲ್ಲ, ಅವಳನ್ನು ಕರೆಯಲೂ ಇಲ್ಲ. ಒಂದು ವಾರ ಫೋನನ್ನು ದಿಂಬಿನ ಪಕ್ಕವೇ ಇಟ್ಟುಕೊಂಡೆ. ಕೊನೆಗೆ ಹುಕ್ಕೇರಿಯ ಕಬ್ಬು ಅಧಿಕಾರಿ ಫೋನ್ ಮಾಡಿದ.

"ಏನ್ರಿ ಸಾಹೇಬ್ರ, ನಾ ಅಲ್ಲಿ ಇದ್ದಿಲ್ಲ ಅಂತ ಬರದೀರಿ. ಎಲ್ಲಾರೂ ನಾವ ಮುಂದ ನಿಂತಿದ್ವಿ ಅಂತ ಬರೀತಾರ."

"ಖರೆ ಹೇಳಬೇಕಂದ್ರ ನಾನೂ ಮೊದಲು ಹಂಗ ಬರದಿದ್ದೆ."

ಆತ ಜೋರಾಗಿ ನಕ್ಕ. "ನಮಗೂ ಒಬ್ಬರ ಹೋಗಿ ಕೆಲಸ ಮುಗಿಸಿ ಬರವರ ಬೇಕಾಗೇತಿ. ನಾ ಅಂತೂ ಜೀಪ್ ಬಿಟ್ಟು ಇಳಿಯಾಂವಲ್ಲ." ಬಳಿಕ ಇಂಥ ಕರೆಯಲ್ಲಿ ಕೇಳಲೇಬೇಕಾದ್ದನ್ನು ಕೇಳಿದ: "ಆಕಿನ್ನ ಮತ್ತ ನಿಮ್ಮ ಕೈಕೆಳಗ ತಗೋತಿದ್ರೇನು?"

"ತಗೋತಿದ್ದೆ," ಎಂದೆ. ಈ ಒಂದು ಮಾತಿಗೆ ನೆನಪಿನ ಸಾಕ್ಷಿ ಬೇಕಿರಲಿಲ್ಲ.

ಅವಳ ಸಂದೇಶ ಬಂದದ್ದು ಕೆಲಸಕ್ಕೆ ಸೇರಿದ ದಿನ: "ಸರ, ಹುಕ್ಕೇರಿ ಆತ್ರಿ." ಜೊತೆಗೆ ಕಬ್ಬಿನ ಬದುವಿನಲ್ಲಿ ನಿಂತ ಫೋಟೊ. ಹಾರೈಸಿ ಉದ್ದವಾಗಿ ಬರೆದೆ. ಕೈಮುಗಿದ ಚಿತ್ರವೊಂದು ಬಂತು. ಆಮೇಲೆ ಏನೂ ಬಂದಿಲ್ಲ, ಬರಬೇಕಾದ ಕಾರಣವೂ ಇಲ್ಲ.

ಹೊಡೆದ ಸಾಲಿನ ಆ ಹಳೆಯ ಪ್ರತಿ ನನ್ನಲ್ಲೇ ಇದೆ. ನಾನು ಹೋಗಿರಲಿಲ್ಲ ಎಂದು ಈಗ ಗೊತ್ತು. ಆದರೂ ಕಣ್ಣು ಮುಚ್ಚಿದರೆ ಆ ಹೊಲದಲ್ಲಿ ನಾವಿಬ್ಬರೂ ನಿಂತಿರುತ್ತೇವೆ.