ಆಷಾಢ ಕಳೆದ ಮೇಲಿನ ತಾರೀಖು

ಆ ಪತ್ರವನ್ನು ನಾನೇ ಟೈಪ್ ಮಾಡಬೇಕಾಗಿ ಬಂತು. ಅದಕ್ಕಿಂತ ಹೊಟ್ಟೆ ಉರಿಸುವ ಕೆಲಸ ನನ್ನ ಹದಿನೈದು ವರ್ಷದ ನೌಕರಿಯಲ್ಲಿ ಇನ್ನೊಂದು ಬಂದಿರಲಿಲ್ಲ.

ನಮ್ಮದು ರಾಜಾಜಿನಗರದ ಕೈಗಾರಿಕಾ ಬಡಾವಣೆಯಲ್ಲಿ ಪಂಪಿನ ಬಿಡಿಭಾಗ ಮಾಡುವ ಕಾರ್ಖಾನೆ. ಎಚ್.ಆರ್. ವಿಭಾಗ ಅಂದರೆ ಮೂರೇ ಜನ: ಮ್ಯಾನೇಜರ್, ನಾನು, ಮತ್ತು ನನಗಿಂತ ಒಂಬತ್ತು ವರ್ಷ ತಡವಾಗಿ ಸೇರಿದ ಒಬ್ಬಳು. ಅವಳಿಗೆ ಹಾಜರಾತಿ ಹಿಡಿಯುವುದರಿಂದ ಹಿಡಿದು ಪಿ.ಎಫ್. ಫಾರಂ ತುಂಬುವವರೆಗೆ ಎಲ್ಲ ಕಲಿಸಿದವಳು ನಾನು. ಹೇರೋಹಳ್ಳಿಯಿಂದ ಎರಡು ಬಸ್ಸು ಬದಲಾಯಿಸಿ ಬಂದರೂ ನನಗಿಂತ ಮೊದಲೇ ಬಂದು ಕುಳಿತಿರುತ್ತಿದ್ದಳು. ಮೆಟ್ರೋ ಪಕ್ಕದಲ್ಲೇ ಇರುವ ಹೊಸಹಳ್ಳಿಯಿಂದ ಬರುವ ನಾನು ದಿನಾ ಹತ್ತು ನಿಮಿಷ ತಡ. ಅದೂ ನನಗೆ ಅವಳ ಮೇಲಿದ್ದ ಒಂದು ಸಿಟ್ಟೇ.

ಕಂಪನಿಯವರು ತುಮಕೂರು ಕಡೆ ಹೊಸ ಘಟಕ ಶುರುಮಾಡಿದರು. ಅದನ್ನು ಒಂದು ಹದಕ್ಕೆ ತಂದು ಬರಲು ನಮ್ಮ ಮ್ಯಾನೇಜರನ್ನು ಆರು ತಿಂಗಳಿಗೆ ಅಲ್ಲಿಗೆ ಕಳಿಸಿದರು. ಅಷ್ಟು ದಿನ ಆ ಕುರ್ಚಿ ನನ್ನದೇ ಎಂದು ನಾನು ಮನಸ್ಸಿನಲ್ಲೇ ಸೀರೆ ಕೂಡ ಆರಿಸಿಟ್ಟುಕೊಂಡಿದ್ದೆ. ಡೈರೆಕ್ಟರು ಕರೆದರು. ಕುಳಿತುಕೊಳ್ಳಿ ಅಂದಾಗಲೇ ನನಗೆ ಅನುಮಾನ ಬಂತು. ನಮ್ಮಲ್ಲಿ ಒಳ್ಳೆಯ ಸುದ್ದಿಯನ್ನು ನಿಲ್ಲಿಸಿಕೊಂಡೇ ಹೇಳುವುದು ರೂಢಿ.

"ಪೇರೋಲ್ ನಿಮ್ಮ ಕೈಲಿದೆಯಲ್ಲಮ್ಮ, ಅದನ್ನ ಬೇರೆಯವ್ರಿಗೆ ಕೊಡೋಕಾಗಲ್ಲ. ಆ ಹುಡುಗೀನೇ ಆರು ತಿಂಗಳು ನೋಡ್ಕೊಳ್ಳಲಿ. ಆಕ್ಟಿಂಗ್ ಅಲೋಯನ್ಸ್ ಲೆಟರ್ ಒಂದು ರೆಡಿ ಮಾಡಿ, ಸೈನ್ ಹಾಕ್ತೀನಿ."

ಕೆಲಸ ಚೆನ್ನಾಗಿ ಮಾಡಿದ್ದಕ್ಕೆ ಇದು ಬಹುಮಾನ. ಆಗಲಿ ಸಾರ್ ಅಂದು ಹೊರಗೆ ಬಂದೆ. ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡೆ.

ಪತ್ರದ ನಮೂನೆ ನನಗೆ ಬಾಯಿಪಾಠ. ಇಂಥ ದಿನದಿಂದ ನೀವು ಮ್ಯಾನೇಜರ್ ಹುದ್ದೆಯ ಹೊಣೆಯನ್ನು ತಾತ್ಕಾಲಿಕವಾಗಿ ನಿಭಾಯಿಸುತ್ತೀರಿ. ಅಷ್ಟು ದಿನ ಸಂಬಳದ ಜೊತೆಗೆ ತಿಂಗಳಿಗೆ ಇಷ್ಟು ಭತ್ಯೆ. ಮೂರು ತಿಂಗಳಿಗೆ ಕೆಲಸದ ಪರಿಶೀಲನೆ. ಮ್ಯಾನೇಜರ್ ವಾಪಸು ಬಂದ ದಿನ, ಅವರ ನಿಯೋಜನೆ ಮುಗಿದ ದಿನ, ಇಲ್ಲವೇ ಆರು ತಿಂಗಳು ತುಂಬಿದ ದಿನ, ಯಾವುದು ಮೊದಲೋ ಅಂದಿಗೆ ಭತ್ಯೆ ನಿಲ್ಲುತ್ತದೆ, ನೀವು ನಿಮ್ಮ ಮೂಲ ಹುದ್ದೆಗೆ ಮರಳುತ್ತೀರಿ. ಈ ಪತ್ರದಿಂದ ಬಡ್ತಿಯ ಹಕ್ಕು ಹುಟ್ಟುವುದಿಲ್ಲ. ಈ ಕೊನೆಯ ಸಾಲನ್ನು ಅವತ್ತು ನಾನು ಬಹಳ ಖುಷಿಯಿಂದ ಟೈಪ್ ಮಾಡಿದೆ.

ಹಕ್ಕು ಇಲ್ಲದಿದ್ದರೂ ಒಂದು ದಾರಿ ಇತ್ತು. ನಮ್ಮ ನಿಯಮಾವಳಿಯ ಪ್ರಕಾರ, ಹುದ್ದೆ ಖಾಲಿಯಾದ ದಿನಕ್ಕೆ ಅದನ್ನು ಪೂರ್ತಿ ಆರು ತಿಂಗಳು ನಿಭಾಯಿಸಿ, ಪರಿಶೀಲನೆಯಲ್ಲೂ ಒಳ್ಳೆಯದು ಅನ್ನಿಸಿಕೊಂಡವರಿಗೆ ಸಂದರ್ಶನವಿಲ್ಲದೆ ಅದೇ ಹುದ್ದೆ ಕೊಡಬಹುದು. ಲೆಕ್ಕ ಪತ್ರದಲ್ಲಿರುವ ತಾರೀಖಿನಿಂದ. ಒಂದು ದಿನ ಕಡಿಮೆಯಾದರೂ ಸಂದರ್ಶನ, ಹೊರಗಿನವರಿಗೂ ಅವಕಾಶ. ಮ್ಯಾನೇಜರ್ ಅಲ್ಲೇ ಉಳಿದುಬಿಡಬಹುದು ಅನ್ನುವ ಮಾತು ಆಗಲೇ ಕಿವಿಗೆ ಬಿದ್ದಿತ್ತು, ಅವರ ಗಂಡನ ಊರು ಅದೇ ಕಡೆ.

ಮ್ಯಾನೇಜರ್ ಹೊರಟಿದ್ದು ಆಷಾಢ ಹಿಡಿದ ನಾಲ್ಕನೇ ದಿನ. ಅವತ್ತೇ ಇವಳು ಕಡತಗಳನ್ನೆಲ್ಲ ವಹಿಸಿಕೊಂಡು ಕೆಲಸ ಶುರುಮಾಡಿದಳು. ಪತ್ರದ ಕರಡು ತೋರಿಸಿದಾಗ ಮಾತ್ರ ತಾರೀಖಿನ ಮೇಲೆ ಬೆರಳಿಟ್ಟಳು.

"ಅಕ್ಕಾ, ಆಷಾಢದಲ್ಲಿ ಬೇಡ ಅಂತಿದ್ದಾರೆ ನಮ್ಮತ್ತೆ. ಶ್ರಾವಣದ ಮೊದಲನೇ ಶುಕ್ರವಾರಕ್ಕೆ ಹಾಕಿಬಿಡ್ತೀರಾ? ಕೆಲಸ ಹೇಗೂ ಮಾಡ್ತಾ ಇದೀನಿ. ಅಷ್ಟು ದಿನದ ಅಲೋಯನ್ಸ್ ಹೋದ್ರೆ ಹೋಗ್ಲಿ."

ನಮ್ಮ ಕಾರ್ಖಾನೆಯಲ್ಲಿ ಇದು ಹೊಸದೇನಲ್ಲ. ಆಷಾಢದಲ್ಲಿ ಯಾರೂ ಹೊಸ ಜವಾಬ್ದಾರಿಗೆ ಸಹಿ ಹಾಕುವುದಿಲ್ಲ, ಡೈರೆಕ್ಟರು ಸಹ ಆ ತಿಂಗಳು ಹೊಸ ಗಾಡಿ ತರುವುದಿಲ್ಲ. ಆದರೆ ಇವಳ ವಿಷಯದಲ್ಲಿ ಆ ಮೂರೂವರೆ ವಾರ ಹೋದರೆ, ಮ್ಯಾನೇಜರ್ ನಿಯೋಜನೆ ಮುಗಿಯುವ ಹೊತ್ತಿಗೆ ಆರು ತಿಂಗಳು ತುಂಬುವುದಿಲ್ಲ. ಅದು ನನಗೆ ಆ ಕ್ಷಣವೇ ಹೊಳೆಯಿತು. ಹೇಳಲು ಅರ್ಧ ನಿಮಿಷ ಸಾಕಾಗಿತ್ತು.

"ಅದಕ್ಕೇನಂತೆ, ಹಾಕ್ತೀನಿ ಬಿಡು," ಅಂದೆ.

ಸಂದರ್ಶನ ನಡೆದರೆ ನನ್ನ ಹದಿನೈದು ವರ್ಷದ ಅನುಭವಕ್ಕೆ ಬೆಲೆ ಸಿಗುತ್ತದೆ ಎಂದು ನನಗೆ ನಾನೇ ಸಮಜಾಯಿಷಿ ಹೇಳಿಕೊಂಡೆ. ನಿಜ ಅದಲ್ಲ. ಅವಳಿಗೆ ಸಿಗಬಾರದು, ಅಷ್ಟೇ ನನಗೆ ಬೇಕಾಗಿತ್ತು.

ಶ್ರಾವಣದ ಆ ಶುಕ್ರವಾರ ಅವಳು ಮಲ್ಲಿಗೆ ಮುಡಿದು ಬಂದು ಸಹಿ ಹಾಕಿದಳು. ಎಲ್ಲರಿಗೂ ಮೈಸೂರು ಪಾಕ್ ಹಂಚಿದಳು, ನನಗೆ ಎರಡು ಕೊಟ್ಟಳು. ಎರಡನ್ನೂ ತಿಂದೆ.

ಮುಂದಿನ ತಿಂಗಳುಗಳನ್ನು ಹೇಗೆ ಕಳೆದೆನೋ ನನಗೇ ಗೊತ್ತು. ಶಾಪ್ ಫ್ಲೋರಿನ ಗಂಡಸರು ಮೇಡಂ ಮೇಡಂ ಎಂದು ಅವಳ ಬಾಗಿಲಲ್ಲಿ ನಿಂತಿರುತ್ತಿದ್ದರು. ಕ್ಯಾಂಟೀನ್ ಗುತ್ತಿಗೆದಾರನ ಜಗಳವನ್ನು ಒಂದೇ ಬೆಳಿಗ್ಗೆಯಲ್ಲಿ ಬಗೆಹರಿಸಿದಳು. ಅದೇ ಜಗಳದಲ್ಲಿ ನಾನು ಎರಡು ವರ್ಷದಿಂದ ಪತ್ರ ಬರೆಯುತ್ತಿದ್ದೆ. ಅವಳು ಒಂದು ತಪ್ಪು ಮಾಡಲಿ ಎಂದು ಕಾದೆ. ಮಾಡಲಿಲ್ಲ.

ಮೂರು ತಿಂಗಳ ಪರಿಶೀಲನೆಯ ಕಡತ ಕಳಿಸಬೇಕಾದವಳೂ ನಾನೇ. ಡೈರೆಕ್ಟರು ತುಂಬ ಚೆನ್ನಾಗಿದೆ ಎಂದು ಬರೆದರು. ಕೆಲಸ ಶುರುವಾದದ್ದು ಮೊದಲೇ, ತಾರೀಖು ತಿದ್ದಿ ಪರಿಷ್ಕೃತ ಪತ್ರ ಕೊಡೋಣ ಎಂದು ಆ ಕಡತದಲ್ಲಿ ಒಂದು ಸಾಲು ಬರೆಯಬಹುದಿತ್ತು. ಬರೆಯಲಿಲ್ಲ. ನಿಯಮಾವಳಿಯ ಪ್ರತಿ ಬೇಕು ಎಂದು ಆ ವಾರವೇ ಅವಳು ಕೇಳಿದಳು, ಕೊಟ್ಟೆ. ಮಾರನೇ ದಿನ ವಾಪಸು ಕೊಡುವಾಗ ನನ್ನ ಮೇಜಿನ ಹತ್ತಿರ ಸುಮ್ಮನೆ ಸ್ವಲ್ಪ ಹೊತ್ತು ನಿಂತಳು. "ಏನೇ?" ಅಂದೆ. "ಏನಿಲ್ಲ ಅಕ್ಕಾ," ಅಂದು ಹೋದಳು.

ಮ್ಯಾನೇಜರ್ ಹೊರಟು ಆರು ತಿಂಗಳಾಯಿತು. ಅವರು ಅಲ್ಲೇ ಉಳಿದರು, ಹುದ್ದೆ ಖಾಲಿ ಎಂದು ಮುಖ್ಯ ಕಚೇರಿಯಿಂದ ಬಂತು. ಇವಳಿಗೇ ಕೊಡೋಣ ಎಂದು ಡೈರೆಕ್ಟರು ಬರೆದರೆ, ಪತ್ರದ ಪ್ರಕಾರ ಅವಧಿ ತುಂಬಿಲ್ಲ ಎಂದು ಉತ್ತರ ಬಂತು. ಡೈರೆಕ್ಟರು ನಮ್ಮಿಬ್ಬರನ್ನೂ ಕರೆದರು.

"ಇವ್ರು ಮೊದಲಿಂದ್ಲೂ ಕೆಲಸ ಮಾಡ್ತಿದ್ರಲ್ವಾ? ತಾರೀಖು ಯಾಕ್ರೀ ಹಂಗೆ ಹಾಕಿದ್ರಿ? ಆರು ತಿಂಗಳ ರೂಲು ನಿಮಗೆ ಗೊತ್ತಿರ್ಲಿಲ್ವಾ?" ಎಂದು ನನ್ನನ್ನು ಕೇಳಿದರು.

ಮ್ಯಾನೇಜರ್ ಕಡತ ವಹಿಸಿಕೊಟ್ಟ ದಿನದ ಸಹಿಯ ಪಟ್ಟಿ ನನ್ನ ಡ್ರಾಯರಿನಲ್ಲೇ ಇತ್ತು. ತಪ್ಪು ನನ್ನದು ಎಂದು ಅದರ ಜೊತೆಗೆ ಬರೆದು ಕೊಟ್ಟಿದ್ದರೆ ಮುಖ್ಯ ಕಚೇರಿಯವರು ಒಪ್ಪುತ್ತಿದ್ದರೇನೋ. ಅಷ್ಟರಲ್ಲಿ ಅವಳೇ ಮಾತಾಡಿದಳು.

"ಅಕ್ಕ ಅವತ್ತೇ ಹೇಳಿದ್ರು ಸಾರ್, ಆರು ತಿಂಗಳು ತುಂಬಲ್ಲ ನೋಡು ಅಂತ. ನಾನೇ ಆಷಾಢ ಅಂತ ಹಟ ಮಾಡ್ದೆ. ಅವ್ರದ್ದೇನೂ ತಪ್ಪಿಲ್ಲ."

ಡೈರೆಕ್ಟರು ತಲೆ ಅಲ್ಲಾಡಿಸಿ ಕಡತ ಮುಚ್ಚಿದರು. ನಾನು ಅದನ್ನು ಎತ್ತಿಕೊಂಡು ಹೊರಗೆ ಬಂದೆ. ಆ ಸುಳ್ಳು ನನ್ನ ಪಾಲಿಗೆ ಅಷ್ಟು ಅನುಕೂಲವಾಗಿತ್ತು.

ಸಂದರ್ಶನಕ್ಕೆ ನಾನೂ ಹೋದೆ, ಅವಳೂ ಹೋದಳು. ಕೆಂಗೇರಿ ಕಡೆಯ ಬೇರೆ ಕಾರ್ಖಾನೆಯಿಂದ ಒಬ್ಬರು ಬಂದು ಕುರ್ಚಿ ಹಿಡಿದರು. ಭತ್ಯೆ ನಿಂತಿದೆ, ಮೂಲ ಹುದ್ದೆಗೆ ಮರಳಿದ್ದೀರಿ ಎಂಬ ಪತ್ರವನ್ನೂ ನಾನೇ ಟೈಪ್ ಮಾಡಿದೆ. ಅವಳು ನನ್ನ ಪಕ್ಕದ ಮೇಜಿಗೆ ಬಂದು ಕುಳಿತು ಅದಕ್ಕೆ ಸಹಿ ಹಾಕಿದಳು.

"ಯಾಕೆ ಹಂಗೆ ಹೇಳ್ದೆ ಸಾರ್ ಹತ್ರ?" ಎಂದು ಕೇಳಿಯೇಬಿಟ್ಟೆ.

"ನೀವು ಹೇಳ್ತೀರೇನೋ ಅಂತ ಮೂರು ತಿಂಗಳು ಕಾದೆ ಅಕ್ಕಾ," ಅಂದಳು, ಪತ್ರವನ್ನು ಮಡಿಸುತ್ತ. "ಅವತ್ತು ನಿಮ್ಮ ಮುಖ ನೋಡಿ ಪಾಪ ಅನ್ನಿಸ್ತು."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಕುರ್ಚಿ ಹೋದಮೇಲಾದರೂ ಹೊಟ್ಟೆಕಿಚ್ಚು ತಣ್ಣಗಾಗಬೇಕಿತ್ತು, ಆಗಲಿಲ್ಲ. ನನ್ನನ್ನು ನೋಡಿ ಪಾಪ ಅನ್ನುವಷ್ಟು ದೊಡ್ಡವಳು ಅವಳು ಹೇಗಾದಳು ಎಂದು, ಅವತ್ತು ಮನೆ ಮುಟ್ಟುವವರೆಗೂ ಕುದಿಯುತ್ತಲೇ ಇದ್ದೆ.