ಟಿ.ವಿ. ಆರಿಸಿದ ಮೇಲೂ ಕೇಳುವ ಗುಂಯ್

ಚನ್ನಗಿರಿಯ ನಮ್ಮ ಮನೆಯ ಟಿ.ವಿ.ಯಲ್ಲಿ ಏನೋ ಸದ್ದಿದೆ ಎಂದು ಮೊದಲು ಹೇಳಿದವರು ನಮ್ಮ ಅತ್ತೆ. ಹಾಲಿನ ದಿವಾನದ ಮೇಲೆ ಗೋಡೆಗೊರಗಿ ಅವರೆಕಾಯಿ ಬಿಡಿಸುತ್ತಿದ್ದವರು, ಕೈಯಲ್ಲಿದ್ದ ಕಾಯನ್ನು ಹಾಗೇ ಹಿಡಿದು ಕೇಳಿದರು.

"ಏನೋ ಗುಂಯ್ ಅಂತೈತಲ್ಲೇ, ನಿಂಗೆ ಕೇಳ್ತೈತೇನು?"

ನಾನು ಅಡುಗೆಮನೆಯಿಂದ ಬಂದು ಟಿ.ವಿ. ಪಕ್ಕ ನಿಂತು ಕಿವಿಗೊಟ್ಟೆ. ಸಣ್ಣ ಸದ್ದುಗಳು ನನಗೆ ಬೇಗ ಕೇಳುತ್ತವೆ. ನಾನು ಓದಿದ ಕಾನ್ವೆಂಟಿನಲ್ಲಿ ಬಾಗಿಲು ಮುಚ್ಚುವಾಗಲೂ ಸದ್ದಾಗಬಾರದು ಎಂದು ಸಿಸ್ಟರುಗಳು ಹೇಳಿಕೊಟ್ಟಿದ್ದರು. ಆ ಅಭ್ಯಾಸ ಇನ್ನೂ ಹೋಗಿಲ್ಲ. ಆದರೆ ನನಗೆ ಕೇಳಿದ್ದು ಗುಂಯ್ ಅಲ್ಲ. ಸೊಳ್ಳೆಯೊಂದು ದೂರದಲ್ಲಿ ಹಾರುತ್ತಿರುವಂಥ ತೆಳ್ಳನೆಯ ಕೀಂ.

"ಗುಂಯ್ ಇಲ್ಲ ಅತ್ತೆ. ಕೀಂ ಅಂತಿದೆ."

"ಕೀಂ ನಂಗೇನೂ ಕೇಳಲ್ಲಪ್ಪ," ಎಂದರು. ಮತ್ತೆ ಕಾಯಿ ಬಿಡಿಸಲು ಶುರುಮಾಡಿದರು. ಮಾತು ಅಲ್ಲಿಗೇ ಮುಗಿಯಿತು ಎಂದುಕೊಂಡೆ.

ಆಮೇಲೆ ಒಂದೊಂದೇ ಬದಲಾವಣೆ ಕಣ್ಣಿಗೆ ಬಿತ್ತು. ಸಂಜೆ ಧಾರಾವಾಹಿಗೆ ವಾಲ್ಯೂಮ್ ಏರಿಸುತ್ತಿದ್ದರು. ಮತ್ತೊಂದು ದಿನ ಸ್ನಾನವಾದ ಮೇಲೆ ಕಿವಿಗೆ ಬೆಚ್ಚನೆಯ ಕೊಬ್ಬರಿ ಎಣ್ಣೆ ಬಿಟ್ಟುಕೊಂಡು, ಹತ್ತಿ ತುರುಕಿಕೊಂಡು ಕೂತಿದ್ದರು. ಕೊನೆಗೆ ಧಾರಾವಾಹಿಯನ್ನೇ ಬಿಟ್ಟು ಹೊರಗೆ ಜಗಲಿಯ ಮೇಲೆ ಕೂರತೊಡಗಿದರು. ಅವರ ಕಾಫಿ ಲೋಟವನ್ನು ಅಲ್ಲಿಗೇ ಒಯ್ದು ಕೊಟ್ಟು, ಪಕ್ಕದಲ್ಲಿ ಕೂತು ಕೇಳಿದೆ.

"ಧಾರಾವಾಹಿ ಯಾಕೆ ಬಿಟ್ರಿ? ಸೊಸೆ ಅತ್ತೆಗೆ ಬುದ್ಧಿ ಕಲಿಸೋ ಭಾಗ ಬಂತು ಅಂತಲಾ?"

ನಗಲಿಲ್ಲ. ಸೆರಗಿನಿಂದ ಲೋಟ ಹಿಡಿದುಕೊಂಡು ಮೆಲ್ಲಗೆ ಹೇಳಿದರು. "ನನ್ನ ಕಿವೀನೇ ಹೋಗಾಕೆ ಹತ್ತೈತೆ ಕಣಮ್ಮ. ಟಿ.ವಿ. ಆಫ್ ಮಾಡಿದ್ರೂ ಗುಂಯ್ ಅಂತಾನೇ ಇರ್ತೈತೆ. ನಿಂಗೆ ಕೇಳೋ ಸದ್ದು ನಂಗೆ ಕೇಳಲ್ಲ, ನಂಗೆ ಕೇಳೋದು ನಿಂಗಿಲ್ಲ. ಜಗಳೂರಿನ ನಮ್ಮಕ್ಕಂಗೂ ಹಿಂಗೇ ಶುರುವಾಗಿದ್ದು."

ಜಗಳೂರಿನ ದೊಡ್ಡಮ್ಮನನ್ನು ನಾನು ನೋಡಿದ್ದೇನೆ. ಈಗ ಫೋನಿನಲ್ಲಿ ಯಾರು ಏನು ಹೇಳಿದರೂ "ಹ್ಞೂಂ, ಆರಾಮ" ಎನ್ನುತ್ತಾರೆ. ಮದುವೆ ಮನೆಯಲ್ಲಿ ಎಲ್ಲರೂ ನಕ್ಕ ಮೇಲೆ ತಾವೂ ನಗುತ್ತಾರೆ. ಅತ್ತೆಗೆ ಹೆದರಿಕೆಯಾದದ್ದು ಆ ನಗುವಿಗೆ. "ಅವನಿಗೆ ಹೇಳಬ್ಯಾಡ," ಎಂದರು ಮಗನನ್ನು ಕುರಿತು. ಕಿವಿ ಡಾಕ್ಟರಿಗೆ ತೋರಿಸೋಣ ಎಂದರೆ, "ಹೋದ ಮೇಲೆ ಅವರು ಹೌದು ಅಂದ್ರೆ?" ಎಂದು ಕೇಳಿದರು.

ಅದೇ ವಾರ ಟಿ.ವಿ. ನಿಜವಾಗಿಯೂ ಕೆಟ್ಟಿತು. ರಿಮೋಟ್ ಒತ್ತಿದರೆ ಕೆಂಪು ದೀಪ ಮಿಣುಕಿ, ಒಳಗೆ ಟಿಕ್ ಟಿಕ್ ಎಂದು, ಹಿಂಭಾಗದಿಂದ ಜಿರ್ ಎನ್ನುವ ಸದ್ದು ಬರುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಚಿತ್ರ ಮೂಡುತ್ತಿತ್ತು. ನಮ್ಮವರು ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯ ಮೆಕ್ಯಾನಿಕ್‌ಗೆ ಫೋನ್ ಮಾಡಿದರು. ಮೆಕ್ಯಾನಿಕ್ ಭಾನುವಾರ ಬೆಳಿಗ್ಗೆ ಬಂದರು. ನ್ಯಾಮತಿ ಕಡೆಯವರು, ನಮ್ಮವರ ವಯಸ್ಸಿನವರೇ, ಮಾತು ಜಾಸ್ತಿ.

ಪ್ಲಗ್ ಕಿತ್ತು, ಒಳಗೆ ಉಳಿದ ಕರೆಂಟು ಇಳಿಯಲೆಂದು ಸ್ವಲ್ಪ ಹೊತ್ತು ಕಾದು, ಹಿಂದಿನ ಮುಚ್ಚಳ ತೆಗೆದರು. ಪವರ್ ಬೋರ್ಡಿನ ಮೇಲೆ ಪುಟ್ಟ ಡಬ್ಬಿಗಳಂತೆ ನಿಂತ ಕೆಪಾಸಿಟರುಗಳಲ್ಲಿ ಎರಡರ ನೆತ್ತಿ ಉಬ್ಬಿತ್ತು, ಇಡ್ಲಿಯ ಹಾಗೆ.

"ಇವು ಸುಸ್ತಾಗ್ಯಾವೆ ಅಕ್ಕಾರೆ. ಕರೆಂಟನ್ನ ಸಮ ಮಾಡಿ ಕಳಿಸಾಕೆ ಆಗ್ತಿಲ್ಲ. ಅದಕ್ಕೇ ಆ ಜಿರ್, ಟಿಕ್ ಟಿಕ್, ತಡ."

ಅಷ್ಟೇ ಅಳತೆಯ ಹೊಸವನ್ನು ಪ್ಲಸ್ಸು ಮೈನಸ್ಸು ನೋಡಿ ಬೆಸುಗೆ ಹಾಕಿದರು. ಟಿ.ವಿ. ತಟ್ಟನೆ ಆನ್ ಆಯಿತು. ಜಿರ್ ಹೋಗಿತ್ತು.

ಕೀಂ ಹೋಗಿರಲಿಲ್ಲ. ಹೇಳಿದೆ. ಅವರು ಕಿವಿಯನ್ನು ಬೋರ್ಡಿನ ಕಡೆ ವಾಲಿಸಿ ತಲೆಯಾಡಿಸಿದರು. "ನಂಗೆ ಕೇಳಲ್ಲ. ನೀವೇ ಹೇಳ್ರಿ." ಚಿತ್ರವನ್ನು ಪೂರ್ತಿ ಬೆಳ್ಳಗೆ ಮಾಡಿದರು, ಕೀಂ ಚೂಪಾಯಿತು. ಬೆಳಕು ತಗ್ಗಿಸಿದರು, ಸಣ್ಣದಾಯಿತು. "ಹಂಗಾದ್ರೆ ಕಾಯಿಲ್ ನಡುಗೋ ಸದ್ದು. ಸುತ್ತಿದ ತಂತಿ ಅದು. ಕೆಟ್ಟಿಲ್ಲ, ಬೆಂಕಿನೂ ಹತ್ತಲ್ಲ. ಇಷ್ಟು ತೆಳ್ಳಗಿನ ಸದ್ದು ವಯಸ್ಸಾದಂಗೆ ಯಾರಿಗೂ ಕೇಳಲ್ಲ, ನಮ್ಮಂಥೋರಿಗೂ."

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅತ್ತೆ ಒಂದು ಹೆಜ್ಜೆ ಒಳಗೆ ಬಂದರು. ಮಗ ಇರುವುದನ್ನೂ ನೋಡಿದರು. ನಾನೇ ಬಾಯಿಬಿಟ್ಟೆ. "ಅತ್ತೆಗೆ ಬೇರೆ ಸದ್ದು ಕೇಳತ್ತೆ. ಗುಂಯ್ ಅಂತ. ಟಿ.ವಿ. ಆಫ್ ಆದ ಮೇಲೂ."

"ಯಾವಾಗಿಂದಮ್ಮ?" ಎಂದರು ನಮ್ಮವರು. ಅತ್ತೆ ನನ್ನನ್ನೊಮ್ಮೆ ದುರುಗುಟ್ಟಿ ನೋಡಿದರು.

ಮೆಕ್ಯಾನಿಕ್ ಮಾತ್ರ ಸಹಜವಾಗಿ ಕೇಳಿದರು. "ಅವ್ವಾ, ಕರೆಂಟು ಹೋದಾಗ ಗುಂಯ್ ಇರ್ತೈತಾ?"

ಅತ್ತೆ ಯೋಚಿಸಿದರು. "ಆವಾಗ ಜಗಲಿಗೆ ಹೋಗಿಬಿಡ್ತೀನಿ. ಅಲ್ಲಿ ಇರಲ್ಲ."

"ಮಲಗೋ ಕೋಣೇಲಿ?"

"ಅಲ್ಲೂ ಇರಲ್ಲ." ತಾವೇ ಹೇಳಿದ ಮಾತಿಗೆ ತಾವೇ ಬೆರಗಾದರು.

"ಕಿವಿ ಒಳಗಿನ ಸದ್ದಾದ್ರೆ ನಿಮ್ಮ ಜೊತೆಗೇ ಜಗಲಿಗೆ ಬರ್ತಿತ್ತು. ನೀವು ಕೂರೋದು ಎಲ್ಲಿ?"

ದಿವಾನದ ಕಾಲ ಬುಡದಲ್ಲೇ, ನಮ್ಮವರು ಕ್ರಿಕೆಟ್‌ಗೆಂದು ತಂದಿಟ್ಟ ಹೋಮ್ ಥಿಯೇಟರಿನ ದೊಡ್ಡ ಸ್ಪೀಕರ್ ಡಬ್ಬ ಇತ್ತು. ನಮ್ಮ ಮನೆಯಲ್ಲಿ ಟಿ.ವಿ. ಆಫ್ ಮಾಡುವುದೆಂದರೆ ರಿಮೋಟ್ ಒತ್ತುವುದು. ಪರದೆ ಕಪ್ಪಾದರೆ ಮುಗಿಯಿತು. ಡಬ್ಬದ ಸ್ವಿಚ್ಚನ್ನು ಯಾರೂ ಮುಟ್ಟುತ್ತಿರಲಿಲ್ಲ. ಮಂಡಿಯೂರಿ ಅದಕ್ಕೆ ಕಿವಿ ಇಟ್ಟೆ. ಗುಂಯ್. ದಪ್ಪಗೆ, ಜೇನುಹುಳು ತುಂಬಿದ ಗೂಡಿನಂತೆ.

"ಬೀದಿಯಿಂದ ಬರೋ ಕೇಬಲ್‌ಗೊಂದು ಅರ್ತು, ಅಂದ್ರೆ ನೆಲಕ್ಕಿಳಿಯೋ ತಂತಿ, ಈ ಡಬ್ಬದ ಮೂರು ಪಿನ್ನಿನ ಪ್ಲಗ್ಗಿಗೆ ಮನೆ ಅರ್ತು. ಎರಡರ ನಡುವೆ ಒಂದು ಸುತ್ತು ಕರೆಂಟು ಹರೀತೈತೆ. ಅದೇ ಸ್ಪೀಕರ್‌ನಲ್ಲಿ ಗುಂಯ್ ಅನ್ನೋದು," ಎಂದು ಮೆಕ್ಯಾನಿಕ್ ಹೇಳಿದರು.

"ಮೂರನೇ ಪಿನ್ನು ಮುರಿದ್ರೆ ಹೋಗುತ್ತಂತಲ್ಲ, ಮೊಬೈಲ್‌ನಲ್ಲಿ ನೋಡಿದ್ದೆ," ಎಂದರು ನಮ್ಮವರು.

"ಹೋಗ್ತೈತೆ ಸಾರ್. ಶಾಕ್ ಹೊಡೆದ ದಿನ ನೀವೂ ಹೋಗ್ತೀರಿ. ಪಿನ್ನು ಮುಟ್ಟಬ್ಯಾಡ್ರಿ. ಕೇಬಲ್‌ಗೆ ಒಂದು ಐಸೊಲೇಟರ್ ಹಾಕ್ತೀನಿ, ಸುತ್ತು ತುಂಡಾಗ್ತೈತೆ."

ಅದಕ್ಕೂ ಮೊದಲು ಅತ್ತೆ, "ನಿಲ್ರಿ, ನಾನು ನೋಡಬೇಕು," ಎಂದರು. ನೋಡಬೇಕೆಂದವರು ದಿವಾನದ ಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತರು. ಮೆಕ್ಯಾನಿಕ್ ಸದ್ದಿಲ್ಲದೆ ಸೆಟ್ ಟಾಪ್ ಬಾಕ್ಸಿನ ಕೇಬಲ್ ಬಿಚ್ಚಿದರು.

"ನಿಂತಿತು," ಎಂದರು ಅತ್ತೆ.

ಸಿಕ್ಕಿಸಿದರು.

"ಬಂತು."

ಮತ್ತೆ ಬಿಚ್ಚಿ, ಸುಮ್ಮನೆ ತಂತಿ ಅಲ್ಲಾಡಿಸಿ ಸಿಕ್ಕಿಸಿದಂತೆ ನಟಿಸಿದರು. ಅತ್ತೆ ತಿರುಗದೆಯೇ, "ಆಟ ಆಡಬ್ಯಾಡಪ್ಪ. ಇನ್ನೂ ಬಂದಿಲ್ಲ," ಎಂದರು. ನಮ್ಮವರು ನಕ್ಕರು. ಅತ್ತೆಯ ಬೆನ್ನು ಮೆಲ್ಲಗೆ ಸಡಿಲವಾದದ್ದು ನನಗೆ ಕಂಡಿತು; ಇಷ್ಟು ದಿನ ಅದು ಬಿಗಿಯಾಗಿತ್ತು ಎಂದು ಆಗಲೇ ತಿಳಿದದ್ದು.

ಐಸೊಲೇಟರ್ ಹಾಕಿ, ಟೀ ಕುಡಿದು ಮೆಕ್ಯಾನಿಕ್ ಹೊರಟರು. "ಡಾಕ್ಟರಿಗೆ ಬೇಕಾದ್ರೆ ತೋರಿಸ್ರಿ ಅವ್ವಾ, ಆದ್ರೆ ಆ ಗುಂಯ್ ನಿಮ್ಮದಲ್ಲ," ಎಂದರು.

ಸಂಜೆ ಅತ್ತೆ ಧಾರಾವಾಹಿಗೆ ಬಂದು ಕೂತರು. ವಾಲ್ಯೂಮ್ ತಾವೇ ಇಳಿಸಿದರು. ಜಾಹೀರಾತು ಬಂದಾಗ ನನ್ನ ಪಕ್ಕೆಗೆ ಮೊಣಕೈಯಿಂದ ತಿವಿದರು.

"ನಿನ್ನ ಕೀಂ ಹೆಂಗಿರ್ತೈತೆ? ಒಂದು ಸಲ ಮಾಡಿ ತೋರಿಸು."

ಸಂಕೋಚವಾಯಿತು. ಆದರೂ ಅವರ ಕಿವಿಯ ಹತ್ತಿರ ಬಾಗಿ, ಹಲ್ಲುಗಳ ನಡುವೆ ಸಾಧ್ಯವಾದಷ್ಟು ತೆಳ್ಳಗೆ ಸದ್ದು ಹೊರಡಿಸಿದೆ. ಅವರು ಕಣ್ಣು ಮುಚ್ಚಿ, ಅಂಗೈಯನ್ನು ಕಿವಿಯ ಹಿಂದೆ ಹಿಡಿದು, ಪೂರ್ತಿ ಕೇಳಿಸಿಕೊಂಡರು.

"ಇದಾ," ಎಂದರು. "ಪಾಪ, ದಿನಾ ಕೇಳ್ತೀಯಲ್ಲ ನೀನು." ಎಂದವರು ರಿಮೋಟ್ ಹುಡುಕಿ ನನ್ನ ಕೈಗಿಟ್ಟರು. "ಬೆಳಕು ಸ್ವಲ್ಪ ಕಮ್ಮಿ ಮಾಡ್ಕೋ. ನಂಗೆ ಹಂಗೂ ಕಾಣ್ತೈತೆ."